ಮುಖಪುಟದ ಹೆಜ್ಜಾರ್ಲೆ: ಒಂದು ಶಾಲಾ ವಾರ್ತಾಪತ್ರಿಕೆ, ಮೂರು ಚಿತ್ರಗಳು

ನಮ್ಮದು ಬೆಂಗಳೂರಿನ ದಕ್ಷಿಣ ಭಾಗದ ಒಂದು ಪ್ರೌಢಶಾಲೆ. ವರ್ಷಕ್ಕೆ ಮೂರು ಬಾರಿ ಎಂಟು ಪುಟಗಳ ಕನ್ನಡ ವಾರ್ತಾಪತ್ರಿಕೆಯೊಂದನ್ನು ತರುತ್ತೇವೆ. ಮಕ್ಕಳು ಬರೆಯುತ್ತಾರೆ, ಕನ್ನಡ ಶಿಕ್ಷಕಿಯಾದ ನಾನು ತಿದ್ದಿ ಪುಟ ಕಟ್ಟುತ್ತೇನೆ, ಹತ್ತಿರದ ಮುದ್ರಣಾಲಯದಲ್ಲಿ ಮುನ್ನೂರೈವತ್ತು ಪ್ರತಿ ಅಚ್ಚಾಗುತ್ತದೆ. ಪಿಡಿಎಫ್ ಪ್ರತಿ ಪೋಷಕರ ವಾಟ್ಸ್ಆ್ಯಪ್ ಗುಂಪುಗಳಿಗೆ ಹೋಗುತ್ತದೆ. ಫೆಬ್ರವರಿ ಸಂಚಿಕೆಯ ವಿಷಯ ‘ನಮ್ಮ ಕೆರೆ, ನಮ್ಮ ಬೀದಿ’. ಮುಖಪುಟದಲ್ಲಿ ಕೆರೆಯ ನೀರಿನಿಂದ ರೆಕ್ಕೆ ಬಿಚ್ಚಿ ಮೇಲೇಳುತ್ತಿರುವ ಹೆಜ್ಜಾರ್ಲೆ, ಮೂರನೆಯ ಪುಟದಲ್ಲಿ ಗುಲಾಬಿ ಹೂ ಮುಚ್ಚಿದ ಟಬೆಬುಯಾ ಮರ, ಐದನೆಯ ಪುಟದಲ್ಲಿ ಕಾಡುಪಾಪ. ಮೂರೂ ಮಕ್ಕಳು ಅಂತರ್ಜಾಲದಿಂದ ಇಳಿಸಿಕೊಟ್ಟ ಚಿತ್ರಗಳು.

ಸಂಚಿಕೆ ಹೊರಬಂದ ಹನ್ನೊಂದನೆಯ ದಿನ ಶಾಲೆಯ ಇಮೇಲ್‌ಗೆ ಒಂದು ಪತ್ರ ಬಂತು. ಬರೆದವರು ಇದೇ ಊರಿನ ಹವ್ಯಾಸಿ ಪಕ್ಷಿ ಛಾಯಾಗ್ರಾಹಕರು. ಅವರ ಪರಿಚಯದ ಪೋಷಕರೊಬ್ಬರು ಮುಖಪುಟವನ್ನು ತಮ್ಮ ವಾಟ್ಸ್ಆ್ಯಪ್ ಸ್ಟೇಟಸ್‌ನಲ್ಲಿ ಹಾಕಿದ್ದರು. ‘ಆ ಹೆಜ್ಜಾರ್ಲೆ ನನ್ನ ಚಿತ್ರ. ಅದನ್ನು ಯಾರು ಬೇಕಾದರೂ ಬಳಸಲಿ ಎಂದೇ ಮುಕ್ತ ಚಿತ್ರಭಂಡಾರವಾದ ವಿಕಿಮೀಡಿಯ ಕಾಮನ್ಸ್‌ಗೆ ಕೊಟ್ಟಿದ್ದೇನೆ. ಶಾಲೆಯ ಮಕ್ಕಳು ಬಳಸಿದ್ದು ಸಂತೋಷ. ಆದರೆ ನಾನು ಕೇಳಿದ್ದು ಒಂದೇ, ನನ್ನ ಹೆಸರು. ಅದು ಎಲ್ಲಿಯೂ ಇಲ್ಲ’ ಎಂಬುದು ಪತ್ರದ ಸಾರ. ಹಣದ ಮಾತಿರಲಿಲ್ಲ, ಬೆದರಿಕೆಯೂ ಇರಲಿಲ್ಲ. ಓದಿ ನನಗೆ ನಿಜಕ್ಕೂ ನಾಚಿಕೆಯಾಯಿತು. ಮಗುವೊಂದು ಪಕ್ಕದವರ ಪುಸ್ತಕ ನೋಡಿ ಬರೆದರೆ ತರಗತಿಯಲ್ಲಿ ನಿಲ್ಲಿಸಿ ಕೇಳುವವಳು ನಾನು.

ಸಂಚಿಕೆಯಲ್ಲಿ ಏನೂ ಬರೆದಿರಲಿಲ್ಲ ಎಂದಲ್ಲ. ಕೊನೆಯ ಪುಟದ ತಳದಲ್ಲಿ ‘ಚಿತ್ರಕೃಪೆ: ಅಂತರ್ಜಾಲ’ ಎಂದಿತ್ತು. ಮೂರನೆಯ ಪುಟದ ಟಬೆಬುಯಾ ಕೆಳಗೆ ‘ಸಂಗ್ರಹ: 8ನೇ ತರಗತಿ, ಬಿ ವಿಭಾಗ’ ಎಂದಿತ್ತು. ಇವೆರಡೂ ಕನ್ನಡ ಪತ್ರಿಕೆಗಳನ್ನು ಓದಿ ಬೆಳೆದ ನಮ್ಮ ಕೈಗೆ ತಾನಾಗಿ ಬರುವ ಮಾತುಗಳು. ಹಾಗಾಗಿಯೇ ಇವುಗಳನ್ನು ನಿಂತು ನೋಡಬೇಕು. ಅಂತರ್ಜಾಲ ಯಾವ ಚಿತ್ರವನ್ನೂ ತೆಗೆಯುವುದಿಲ್ಲ. ‘ಅಂಚೆಯಣ್ಣನ ಕೃಪೆ’ ಎಂದು ಪತ್ರದ ಕೆಳಗೆ ಬರೆದರೆ ಪತ್ರ ಬರೆದವರ ಹೆಸರು ಹೇಳಿದಂತಾಗುವುದಿಲ್ಲ, ಇದೂ ಹಾಗೆಯೇ. ‘ಗೂಗಲ್’ ಎಂದು ಬರೆದರೂ, ಬರಿದೇ ‘ವಿಕಿಪೀಡಿಯ’ ಎಂದು ಬರೆದರೂ ಅಷ್ಟೇ. ‘ಸಂಗ್ರಹ’ ಇನ್ನೂ ಸೂಕ್ಷ್ಮವಾದ ತಪ್ಪು. ಅದು ಹುಡುಕಿದವರ ಹೆಸರನ್ನು ಮಾಡಿದವರ ಜಾಗದಲ್ಲಿ ಕೂರಿಸುತ್ತದೆ. ಓದುವವರಿಗೆ ಆ ಮರವನ್ನು ನಮ್ಮ ಎಂಟನೆಯ ತರಗತಿಯ ಮಕ್ಕಳೇ ಸೆರೆಹಿಡಿದರು ಎಂದು ಅನ್ನಿಸಿದರೆ ಆಶ್ಚರ್ಯವಿಲ್ಲ.

ಹೆಸರು ಕಳೆದುಹೋದದ್ದು ಎಲ್ಲಿ

ಚಿತ್ರ ತಂದ ಹುಡುಗಿಯನ್ನು ಕರೆದು ಕೇಳಿದೆ. ಅವಳು ಹೆದರಿದ್ದಳು. ‘ಮಿಸ್, ಕದ್ದಿಲ್ಲ, ಡೌನ್‌ಲೋಡ್ ಮಾಡು ಅಂತ ಬಟನ್ ಇತ್ತು’ ಎಂದಳು. ಅವಳು ಹೇಳಿದ್ದು ಸರಿ. ಕಾಮನ್ಸ್‌ನ ಪುಟದಲ್ಲಿ ಡೌನ್‌ಲೋಡ್ ಬಟನ್ ಇದೆ. ಅದೇ ಪುಟದಲ್ಲಿ ಸ್ವಲ್ಪ ಕೆಳಗೆ ‘Author’ ಎಂಬ ಸಾಲಿನಲ್ಲಿ ತೆಗೆದವರ ಹೆಸರು, ಅದಕ್ಕೂ ಕೆಳಗೆ ‘Licensing’ ಎಂಬ ಶೀರ್ಷಿಕೆಯಡಿ ಪರವಾನಗಿಯೂ ಇವೆ. ಬಟನ್ ಒತ್ತಿದಾಗ ಕಡತ ಮಾತ್ರ ಫೋನಿಗೆ ಬರುತ್ತದೆ, ಹೆಸರೂ ಪರವಾನಗಿಯೂ ಆ ಪುಟದಲ್ಲೇ ಉಳಿಯುತ್ತವೆ.

ಆದರೂ ಅವಳ ಫೋನಿನಲ್ಲಿದ್ದ ಕಡತದ ಹೆಸರಿನಲ್ಲಿ ಒಂದು ಎಳೆ ಉಳಿದಿತ್ತು. ಹೆಸರು `1280px-` ಎಂದು ಆರಂಭವಾಗಿ, ಆಮೇಲೆ ಹಕ್ಕಿಯ ಹೆಸರು, ಜಾಗದ ಹೆಸರು ಇತ್ತು. ಕಾಮನ್ಸ್‌ನಲ್ಲಿ ಚಿತ್ರದ ಪೂರ್ಣ ಗಾತ್ರದ ಬದಲು ಚಿಕ್ಕ ಗಾತ್ರವನ್ನು ಇಳಿಸಿಕೊಂಡರೆ ಅಗಲವನ್ನು ಹೀಗೆ ಹೆಸರಿನ ಮುಂದೆ ಅಂಟಿಸಿ ಕೊಡುತ್ತದೆ. ಆ ಅಂಕಿಯ ಭಾಗವನ್ನು ಕಿತ್ತುಹಾಕಿ ಉಳಿದ ಹೆಸರಿನ ಮುಂದೆ `File:` ಸೇರಿಸಿ ಕಾಮನ್ಸ್‌ನ ಹುಡುಕುಪೆಟ್ಟಿಗೆಯಲ್ಲಿ ಹಾಕಿದರೆ ನೇರವಾಗಿ ಮೂಲಪುಟ ಸಿಗುತ್ತದೆ. ನಮಗೆ ಒಂದು ನಿಮಿಷದೊಳಗೆ ಸಿಕ್ಕಿತು.

ಆದರೆ ನನ್ನ ಕಂಪ್ಯೂಟರಿನಲ್ಲಿದ್ದ ಅದೇ ಚಿತ್ರದ ಕಡತಕ್ಕೆ `IMG-`, ದಿನಾಂಕ, `-WA0007.jpg` ಎಂಬ ಹೆಸರಿತ್ತು. ಅವಳು ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಿದಾಗ ಆ ಆ್ಯಪ್ ಚಿತ್ರವನ್ನು ಕುಗ್ಗಿಸಿ, ಹೆಸರು ಬದಲಿಸಿ, ಕ್ಯಾಮೆರಾ ಚಿತ್ರದೊಳಗೆ ಬರೆದಿಟ್ಟ ಮಾಹಿತಿಯನ್ನೂ ಅಳಿಸಿತ್ತು. ಹೆಸರು ಕಳೆದುಹೋದದ್ದು ಇಲ್ಲಿ: ಮಗುವಿನ ಫೋನಿಗೂ ನನ್ನ ಮೇಜಿಗೂ ನಡುವೆ. ಪುಟ ಕಟ್ಟುವ ಹೊತ್ತಿಗೆ ನನ್ನ ಮುಂದೆ ಹೆಸರಿಲ್ಲದ ಎರಡು ಚಿತ್ರಗಳಿದ್ದವು, ನಾನು ಕೇಳಲಿಲ್ಲ. ತಪ್ಪು ಹುಡುಗಿಯದಲ್ಲ, ಸಂಪಾದಕಿಯಾದ ನನ್ನದು ಎಂದು ಅವಳಿಗೆ ಅಲ್ಲೇ ಹೇಳಿದೆ.

ಹೆಜ್ಜಾರ್ಲೆಯ ಪರವಾನಗಿ ಏನು ಕೇಳುತ್ತದೆ

ಮುಖಪುಟದ ಚಿತ್ರದ ಪುಟದಲ್ಲಿ CC BY-SA 4.0 ಎಂದಿತ್ತು. ಇದು ಕ್ರಿಯೇಟಿವ್ ಕಾಮನ್ಸ್ ಎಂಬ ಸಂಸ್ಥೆ ರೂಪಿಸಿದ ಪರವಾನಗಿ. ಈ ಸಂಸ್ಥೆಯ ಮೊದಲ ಪರವಾನಗಿಗಳು 2002ರಲ್ಲಿ ಬಂದವು, ನಾಲ್ಕನೆಯ ಆವೃತ್ತಿ 2013ರಲ್ಲಿ ಬಂತು. BY ಎಂದರೆ ಹೆಸರು ಹೇಳಿ ಬಳಸಿ. SA ಎಂದರೆ ಬದಲಾಯಿಸಿ ಹಂಚಿದರೆ ಬದಲಾದದ್ದನ್ನೂ ಇದೇ ಷರತ್ತಿನ ಮೇಲೆ ಹಂಚಿ. 4.0 ಎಂಬುದು ಆವೃತ್ತಿಯ ಸಂಖ್ಯೆ. ಅದನ್ನು ಯಾರೂ ಓದುವುದಿಲ್ಲ, ಆದರೆ ಈ ಪ್ರಕರಣದಲ್ಲಿ ಎಲ್ಲವೂ ನಿಂತದ್ದು ಆ ಸಂಖ್ಯೆಯ ಮೇಲೆ. ಅದಕ್ಕೆ ಮುಂದೆ ಬರುತ್ತೇನೆ.

ಈ ಪರವಾನಗಿಯಲ್ಲಿ ಹೆಸರು ಎಂದರೆ ತೆಗೆದವರ ಹೆಸರಷ್ಟೇ ಅಲ್ಲ. ಅವರು ಹೇಗೆ ಕರೆಯಬೇಕೆಂದು ಕೇಳಿದ್ದಾರೋ ಹಾಗೆ ಹೆಸರು, ಅವರು ಹಕ್ಕುಸ್ವಾಮ್ಯದ ಸೂಚನೆಯನ್ನು ಕೊಟ್ಟಿದ್ದರೆ ಅದು, ಚಿತ್ರ ಇರುವ ಪುಟದ ವಿಳಾಸ, ಪರವಾನಗಿಯ ಹೆಸರು ಮತ್ತು ಅದರ ವಿಳಾಸ, ಕೊನೆಗೆ ನಾವು ಚಿತ್ರವನ್ನು ಬದಲಾಯಿಸಿದ್ದರೆ ಆ ಮಾತು. ಚಿತ್ರದ ಶೀರ್ಷಿಕೆ 4.0ರಲ್ಲಿ ಕಡ್ಡಾಯವಲ್ಲ, ಹಿಂದಿನ ಆವೃತ್ತಿಗಳಲ್ಲಿ, ಶೀರ್ಷಿಕೆ ಕೊಟ್ಟಿದ್ದರೆ ಅದನ್ನೂ ಹೇಳಬೇಕು. ನಾನು ಎಲ್ಲಕ್ಕೂ ಶೀರ್ಷಿಕೆ ಸೇರಿಸುತ್ತೇನೆ, ಆಗ ಆವೃತ್ತಿಯ ಲೆಕ್ಕ ತಪ್ಪಿದರೂ ಸಾಲು ತಪ್ಪುವುದಿಲ್ಲ.

ಬದಲಾವಣೆಯ ಮಾತು ನಮಗೆ ಮುಖ್ಯವಾಗಿತ್ತು. ಮೂಲಚಿತ್ರ ಅಡ್ಡಗಲದ್ದು, ನಮ್ಮ ಮುಖಪುಟ ಉದ್ದುದ್ದ. ನಾನು ಎಡಬದಿಯನ್ನು ಕತ್ತರಿಸಿ, ಆಕಾಶದ ಭಾಗವನ್ನು ಎಳೆದು ಮೇಲಕ್ಕೆ ಹಿಗ್ಗಿಸಿ, ಅದರ ಮೇಲೆ ಪತ್ರಿಕೆಯ ಹೆಸರನ್ನು ಬರೆದಿದ್ದೆ. ಛಾಯಾಗ್ರಾಹಕರು ಕಾದು ಕುಳಿತು ಹಿಡಿದ ಚೌಕಟ್ಟು ಅದಾಗಿರಲಿಲ್ಲ. ಅವರ ಹೆಸರನ್ನು ಮಾತ್ರ ಹಾಕಿ ಬಿಟ್ಟಿದ್ದರೆ ನನ್ನ ಕತ್ತರಿಯ ಕೆಲಸವೂ ಅವರ ಹೆಸರಿಗೇ ಸೇರುತ್ತಿತ್ತು. ಬದಲಾವಣೆಯನ್ನು ಹೇಳಬೇಕೆಂಬ ಷರತ್ತು ಓದುಗರಿಗಿಂತ ಹೆಚ್ಚಾಗಿ ಅವರನ್ನು ಕಾಯುತ್ತದೆ.

ಹೀಗೆ ಮುಖಪುಟಕ್ಕೆ ಸಿದ್ಧವಾದ ಸಾಲು ಇದು. ಅವರ ಹೆಸರನ್ನು ಇಲ್ಲಿ ಬಿಟ್ಟಿದ್ದೇನೆ; ಪುಟದ ಸಂಖ್ಯೆಯನ್ನೂ ಬಿಟ್ಟಿದ್ದೇನೆ.

> ಮುಖಪುಟ ಚಿತ್ರ: ‘ಕೆರೆಯಿಂದ ಮೇಲೇಳುತ್ತಿರುವ ಹೆಜ್ಜಾರ್ಲೆ’. ಛಾಯಾಗ್ರಹಣ: (ಹೆಸರು). ಮೂಲ: ವಿಕಿಮೀಡಿಯ ಕಾಮನ್ಸ್, commons.wikimedia.org/w/index.php?curid=(ಸಂಖ್ಯೆ). ಪರವಾನಗಿ: CC BY-SA 4.0, creativecommons.org/licenses/by-sa/4.0. ಬದಲಾವಣೆ: ಎಡಬದಿ ಕತ್ತರಿಸಿ, ಆಕಾಶ ಹಿಗ್ಗಿಸಿ, ಪತ್ರಿಕೆಯ ಹೆಸರು ಸೇರಿಸಲಾಗಿದೆ. ಬದಲಾದ ಈ ಚಿತ್ರಕ್ಕೂ ಇದೇ ಪರವಾನಗಿ ಅನ್ವಯಿಸುತ್ತದೆ.

ಈ ಸಾಲಿನಲ್ಲಿ ಮೂರು ಕಡೆ ನಾವು ತಡವರಿಸಿದೆವು. ಮೊದಲನೆಯದು ಹೆಸರಿನ ಲಿಪಿ. ಛಾಯಾಗ್ರಾಹಕರು ತಮ್ಮ ಪುಟದಲ್ಲಿ ಹೆಸರನ್ನು ರೋಮನ್ ಲಿಪಿಯಲ್ಲಿ ಕೊಟ್ಟಿದ್ದರು. ಕನ್ನಡ ಪತ್ರಿಕೆ, ಕನ್ನಡಕ್ಕೆ ತರೋಣ ಎಂದು ನಾನು ಬರೆದೆ. ಅವರಿಗೆ ಫೋನ್ ಮಾಡಿ ಓದಿ ಹೇಳಿದಾಗ ‘ಮೇಡಂ, ಒಂದು ದೀರ್ಘ ಹೆಚ್ಚಾಗಿದೆ’ ಎಂದರು. ಅಂದಿನಿಂದ ಹೆಸರನ್ನು ಅವರವರು ಬರೆದುಕೊಂಡ ಲಿಪಿಯಲ್ಲಿಯೇ ಇಡುತ್ತೇವೆ, ಕನ್ನಡ ರೂಪ ಖಚಿತವಾಗಿ ಗೊತ್ತಿದ್ದರೆ ಪಕ್ಕದಲ್ಲಿ ಸೇರಿಸುತ್ತೇವೆ. ಬಳಕೆದಾರನಾಮ ಮಾತ್ರ ಇದ್ದರಂತೂ ಒಂದು ಅಕ್ಷರವನ್ನೂ ಮುಟ್ಟಬಾರದು, ಏಕೆಂದರೆ ಆ ಹೆಸರಿನಿಂದ ಮಾತ್ರ ಅವರನ್ನು ಹುಡುಕಲು ಸಾಧ್ಯ.

ಎರಡನೆಯದು ವಿಳಾಸ. ಕಾಮನ್ಸ್‌ನಲ್ಲಿ ಕನ್ನಡ ಹೆಸರಿನ ಕಡತಗಳೂ ಇವೆ. ಅಂಥ ಪುಟದ ವಿಳಾಸವನ್ನು ನಕಲು ಮಾಡಿ ಅಂಟಿಸಿದರೆ ಪ್ರತಿ ಅಕ್ಷರವೂ `%E0%B2` ಎಂದು ಆರಂಭವಾಗುವ ಸರಪಳಿಯಾಗಿ ಮೂರು ಸಾಲು ತುಂಬುತ್ತದೆ. ಪರದೆಯ ಮೇಲೆ ಒತ್ತಿದರೆ ತೆರೆಯುತ್ತದೆ ನಿಜ, ಆದರೆ ಕಾಗದದಿಂದ ನೋಡಿ ಅದನ್ನು ಯಾರು ಟೈಪ್ ಮಾಡುತ್ತಾರೆ? ಅದಕ್ಕೆ ಮೇಲೆ ಕೊಟ್ಟ `curid` ರೂಪ ಒಳ್ಳೆಯದು. ಪ್ರತಿ ಪುಟಕ್ಕೂ ಒಂದು ಸಂಖ್ಯೆ ಇರುತ್ತದೆ, ಆ ಸಂಖ್ಯೆ ಸಾಕು.

ಮೂರನೆಯದು ‘ಕೃಪೆ’ ಎಂಬ ಪದ. ನಾನು ಅದನ್ನು ಕೈಬಿಟ್ಟು ‘ಛಾಯಾಗ್ರಹಣ’ ಎಂದೇ ಬರೆದೆ. ಕೃಪೆ ಎಂದಾಗ ಅವರು ನಮ್ಮ ಶಾಲೆಗೆಂದೇ ಚಿತ್ರವನ್ನು ಕೊಟ್ಟರು ಎಂಬ ಧ್ವನಿ ಬರುತ್ತದೆ. ಚಿತ್ರ ತೆಗೆದವರಿಗೆ ನಮ್ಮ ಜೊತೆ ಸಂಬಂಧವಿದೆ, ಅವರ ಒಪ್ಪಿಗೆಯ ಮುದ್ರೆ ನಮಗಿದೆ ಎಂದು ತೋರಿಸಲು ಈ ಪರವಾನಗಿ ಅನುಮತಿ ಕೊಡುವುದಿಲ್ಲ. ಒಂದು ಪದಕ್ಕೆ ಇಷ್ಟು ಚರ್ಚೆ ಬೇಕೇ ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ಕನ್ನಡದ ಶಿಕ್ಷಕಿಯಾಗಿ, ಬೇಕು ಎಂದೇ ನನ್ನ ಉತ್ತರ.

ಮುಖ್ಯೋಪಾಧ್ಯಾಯಿನಿಯವರ ಚಿಂತೆ ಬೇರೆಯಿತ್ತು. SA ಎಂದರೆ ಏನೆಂದು ಕೇಳಿ, ‘ಹಾಗಾದರೆ ನಮ್ಮ ಇಡೀ ಪತ್ರಿಕೆಯನ್ನೇ, ಮಕ್ಕಳ ಕವಿತೆಗಳನ್ನೂ ಸೇರಿಸಿ, ಊರಿಗೆಲ್ಲ ಬಿಟ್ಟುಕೊಡಬೇಕಾಗುತ್ತದೆಯೇ?’ ಎಂದರು. ಇಲ್ಲ. ಪತ್ರಿಕೆ ಎಂಬುದು ಬೇರೆ ಬೇರೆ ಕೃತಿಗಳನ್ನು ಒಂದೆಡೆ ಇಟ್ಟ ಜೋಡಣೆ. ಷರತ್ತು ಹಿಡಿಯುವುದು ಆ ಚಿತ್ರವನ್ನು ಬದಲಾಯಿಸಿ ಮಾಡಿದ ಚಿತ್ರವನ್ನು ಮಾತ್ರ, ಇಲ್ಲಿ ಮುಖಪುಟದ ಹಿಗ್ಗಿಸಿದ ಹೆಜ್ಜಾರ್ಲೆಯನ್ನು. ನಾಲ್ಕನೆಯ ಪುಟದ ಕವಿತೆ ಬರೆದ ಹುಡುಗನ ಹಕ್ಕು ಅವನ ಬಳಿಯೇ ಇರುತ್ತದೆ. ಈ ಭಯದಿಂದ SA ಚಿತ್ರಗಳನ್ನೇ ದೂರವಿಡುವ ಶಿಕ್ಷಕರನ್ನು ನಾನು ಕಂಡಿದ್ದೇನೆ. ಅಷ್ಟು ಹೆದರುವ ಅಗತ್ಯವಿಲ್ಲ.

ಮೂವತ್ತು ದಿನ

ಈಗ ಆವೃತ್ತಿಯ ಮಾತಿಗೆ ಬರುತ್ತೇನೆ. ಷರತ್ತು ಮುರಿದ ಕ್ಷಣಕ್ಕೆ ಪರವಾನಗಿ ತಾನಾಗಿ ರದ್ದಾಗುತ್ತದೆ. ಅಂದರೆ ಸಂಚಿಕೆ ಹೊರಬಂದ ದಿನವೇ ಆ ಚಿತ್ರವನ್ನು ಬಳಸುವ ಅನುಮತಿ ನಮ್ಮ ಕೈತಪ್ಪಿತ್ತು. ಆದರೆ 4.0ರಲ್ಲಿ ಒಂದು ದಾರಿ ಇದೆ. ತಪ್ಪು ನಮ್ಮ ಗಮನಕ್ಕೆ ಬಂದ 30 ದಿನದೊಳಗೆ ಸರಿಪಡಿಸಿದರೆ, ಸರಿಪಡಿಸಿದ ದಿನದಿಂದ ಪರವಾನಗಿ ತಾನಾಗಿ ಮರಳುತ್ತದೆ. ನಮಗೆ ಲೆಕ್ಕ ಆರಂಭವಾದದ್ದು ಇಮೇಲ್ ಓದಿದ ದಿನದಿಂದ. ನಡುವಿನ ದಿನಗಳ ತಪ್ಪಿಗೆ ಪರಿಹಾರ ಕೇಳುವ ಅವರ ಹಕ್ಕು ಮಾತ್ರ ಹಾಗೆಯೇ ಉಳಿಯುತ್ತದೆ, ಅವರು ಕೇಳಲಿಲ್ಲ.

ಮೊದಲ ದಿನವೇ ಹಳೆಯ ಪಿಡಿಎಫ್ ಅನ್ನು ಶಾಲೆಯ ಜಾಲತಾಣದಿಂದ ತೆಗೆದು, ಮರುದಿನ ತಿದ್ದಿದ ಪ್ರತಿಯನ್ನು ಹಾಕಿದೆವು. ವಾಟ್ಸ್ಆ್ಯಪ್ ಗುಂಪುಗಳಿಗೆ ತಿದ್ದಿದ ಪ್ರತಿಯನ್ನು ಕಳುಹಿಸಿ, ಹಳೆಯದನ್ನು ಅಳಿಸುವಂತೆ ಕೇಳಿ, ಯಾಕೆ ಎಂಬುದನ್ನು ಎರಡು ವಾಕ್ಯದಲ್ಲಿ ಬರೆದೆವು. ಅಚ್ಚಾದ ಮುನ್ನೂರೈವತ್ತರಲ್ಲಿ ಅರುವತ್ತು ಪ್ರತಿ ಇನ್ನೂ ಕಪಾಟಿನಲ್ಲಿತ್ತು. ಆ ಸಾಲನ್ನು ಚೀಟಿಯ ಮೇಲೆ ಮುದ್ರಿಸಿ, ಮಧ್ಯಾಹ್ನದ ಬಿಡುವಿನಲ್ಲಿ ಮಕ್ಕಳೊಂದಿಗೆ ಕುಳಿತು ಒಳಮುಖಪುಟಕ್ಕೆ ಅಂಟಿಸಿದೆವು. ಮನೆ ಸೇರಿದ ಪ್ರತಿಗಳನ್ನು ಹಿಂದಕ್ಕೆ ತರಲಾಗದು, ಆದ್ದರಿಂದ ಮುಂದಿನ ಸಂಚಿಕೆಗೆಂದು ತಿದ್ದುಪಡಿ ಬರೆದಿಟ್ಟೆವು. ಇಷ್ಟಕ್ಕೆ ಒಂಬತ್ತು ದಿನ ಹಿಡಿಯಿತು. ಛಾಯಾಗ್ರಾಹಕರಿಗೆ ತಿದ್ದಿದ ಪ್ರತಿಯನ್ನು ಕಳುಹಿಸಿ, ಸರಿಯಾಗಿದೆ ಎಂದು ಬರಹದಲ್ಲಿ ತರಿಸಿಕೊಂಡೆ.

ಟಬೆಬುಯಾ ಚಿತ್ರಕ್ಕೆ ಈ ದಾರಿ ಇರಲಿಲ್ಲ. ಅದರ ಮೂಲ ಹುಡುಕಲು ಕಡತದ ಹೆಸರು ನೆರವಾಗಲಿಲ್ಲ. ಚಿತ್ರವನ್ನೇ ಕೊಟ್ಟು ಹುಡುಕಿದಾಗ ಹತ್ತಾರು ಪ್ರವಾಸಿ ತಾಣಗಳು ಬಂದವು, ಯಾವುದರಲ್ಲೂ ತೆಗೆದವರ ಹೆಸರಿಲ್ಲ. ಅವುಗಳಲ್ಲಿ ಅತಿ ದೊಡ್ಡ ಗಾತ್ರದ, ಅಂಚು ಕತ್ತರಿಸದ ಪ್ರತಿಯ ಬೆನ್ನು ಹತ್ತಿದಾಗ ಚಿತ್ರ ಹಂಚುವ ತಾಣವಾದ ಫ್ಲಿಕರ್‌ನ ಒಂದು ಪುಟ ಸಿಕ್ಕಿತು. ಅಲ್ಲಿ ಬಳಕೆದಾರನಾಮವಿತ್ತು, ಶೀರ್ಷಿಕೆಯಿತ್ತು, CC BY 2.0 ಎಂದಿತ್ತು. ಮೊದಲ ನೋಟಕ್ಕೆ ಇದು ಹೆಜ್ಜಾರ್ಲೆಗಿಂತ ಸಡಿಲ, ಏಕೆಂದರೆ SA ಇಲ್ಲ. ಆದರೆ 2.0 ಆವೃತ್ತಿಯಲ್ಲಿ ಮೂವತ್ತು ದಿನದ ಅವಕಾಶವೇ ಇಲ್ಲ. ಷರತ್ತು ಮುರಿದರೆ ಅನುಮತಿ ಹೋಯಿತು. ಹಕ್ಕುದಾರರೇ ಮತ್ತೆ ಕೊಡಬೇಕು. ಹಳೆಯ ಆವೃತ್ತಿಗಳ ಈ ಬಿಗಿಯನ್ನೇ ಹಿಡಿದು, ಹೆಸರು ಹಾಕುವಲ್ಲಿ ಸಣ್ಣ ತಪ್ಪು ಮಾಡಿದವರಿಂದ ಹಣ ಕೇಳುವುದನ್ನೇ ವೃತ್ತಿ ಮಾಡಿಕೊಂಡವರು ಹೊರದೇಶಗಳಲ್ಲಿ ಇದ್ದಾರೆ. ನಮಗೆ ಅಂಥದ್ದೇನೂ ಆಗಲಿಲ್ಲ. ಆದರೆ ಸಂಖ್ಯೆ 4.0ಕ್ಕಿಂತ ಕಡಿಮೆ ಇದ್ದಾಗ ಮೊದಲ ಬಾರಿಗೇ ಸಾಲು ಸರಿಯಾಗಿರಬೇಕು ಎಂದು ನಾನು ಆಗ ತಿಳಿದುಕೊಂಡೆ. ಫ್ಲಿಕರ್‌ನ ಮೂಲಕ ಅವರಿಗೆ ಕ್ಷಮೆ ಕೇಳಿ, ಅನುಮತಿ ಕೋರಿ ಬರೆದೆ. ಉತ್ತರ ಬರುವವರೆಗೆ ತಿದ್ದಿದ ಪಿಡಿಎಫ್‌ನಲ್ಲಿ ಆ ಜಾಗವನ್ನು ಖಾಲಿ ಬಿಟ್ಟೆವು.

ಹೆಸರು ಹಾಕಿದರೂ ಸಾಲದ ಚಿತ್ರ

ಕಾಡುಪಾಪದ ಚಿತ್ರ ನನ್ನನ್ನು ಹೆಚ್ಚು ಕಾಡಿತು, ಏಕೆಂದರೆ ಅಲ್ಲಿ ಹೆಸರಿತ್ತು. ಆ ಪುಟ ಮಾಡಿದ ಹುಡುಗ ಜಾಗರೂಕ. ಮೂಲಪುಟ ನೋಡಿ ಛಾಯಾಗ್ರಾಹಕರ ಹೆಸರನ್ನೂ ಪರವಾನಗಿಯನ್ನೂ ಚಿತ್ರದ ಕೆಳಗೆ ಚಿಕ್ಕದಾಗಿ ಬರೆದಿದ್ದ: CC BY-NC-ND 4.0. ಸಂಚಿಕೆಯಲ್ಲಿ ತೆಗೆದವರ ಹೆಸರಿದ್ದ ಏಕೈಕ ಚಿತ್ರ ಅದು. ಆದರೂ ಅದೇ ದೊಡ್ಡ ತಪ್ಪು. NC ಎಂದರೆ ವಾಣಿಜ್ಯಕ್ಕೆ ಬಳಸಬೇಡಿ, ND ಎಂದರೆ ಬದಲಾಯಿಸಿದ್ದನ್ನು ಹಂಚಬೇಡಿ. ಹುಡುಗ ಕೊಂಬೆ, ಎಲೆ, ಹಿನ್ನೆಲೆಯನ್ನೆಲ್ಲ ಅಳಿಸಿ, ಕಾಡುಪಾಪವನ್ನು ಮಾತ್ರ ಬಿಡಿಸಿ, ಒಂದು ಬೀದಿದೀಪದ ಕಂಬದ ಚಿತ್ರದ ಮೇಲೆ ಕೂರಿಸಿ, ಬಾಯಿಯ ಬಳಿ ‘ನನ್ನ ಮರ ಎಲ್ಲಿ?’ ಎಂದು ಬರೆದಿದ್ದ. ತುಂಬ ಚೆನ್ನಾಗಿ ಮಾಡಿದ್ದ. ಅದು ಸ್ಪಷ್ಟವಾಗಿ ಹೊಸ ಕೃತಿ.

ಗಾತ್ರ ಚಿಕ್ಕದು ಮಾಡುವುದು, ಕಡತದ ರೂಪ ಬದಲಾಯಿಸುವುದು ಇವು ಬದಲಾವಣೆಯ ಲೆಕ್ಕಕ್ಕೆ ಬರುವುದಿಲ್ಲ. ಅಂಚನ್ನು ಸ್ವಲ್ಪ ಕತ್ತರಿಸುವುದರ ಬಗ್ಗೆ ವಾದ ಇರಬಹುದು. ಹಿನ್ನೆಲೆ ಅಳಿಸಿ ಬೇರೆಡೆ ಕೂರಿಸುವುದರ ಬಗ್ಗೆ ವಾದವಿಲ್ಲ. ಹೆಸರಿನ ಸಾಲಿಗೆ ಎಷ್ಟೇ ಮಾತು ಸೇರಿಸಿದರೂ ಇದು ಸರಿಹೋಗದು. ತರಗತಿಯಲ್ಲಿ ಅವನು ಎದ್ದು ನಿಂತು, ‘ಮಿಸ್, ಹೆಸರು ಹಾಕಿದ್ದೇನಲ್ಲ’ ಎಂದಾಗ ನನಗೆ ಸಂಕಟವಾಯಿತು. ಹೆಸರು ಹೇಳುವುದು ಒಂದು ಷರತ್ತು, ಮಾಲೀಕರು ಬೇಡ ಎಂದದ್ದನ್ನು ಮಾಡದಿರುವುದು ಇನ್ನೊಂದು. ಮೊದಲನೆಯದನ್ನು ಪಾಲಿಸಿದ ಮಾತ್ರಕ್ಕೆ ಎರಡನೆಯದರಿಂದ ಬಿಡುಗಡೆ ಸಿಗುವುದಿಲ್ಲ ಎಂದು ಹೇಳಿದೆ. ಪರದೆಯ ಮೇಲೆ ಪರವಾನಗಿಯ ಪುಟವನ್ನು ತೆರೆದು ಇಬ್ಬರೂ ಓದಿದೆವು. ಆಮೇಲೆ ಅವನೇ ಕಾಮನ್ಸ್‌ನಲ್ಲಿ ಬೇರೆ ಕಾಡುಪಾಪವನ್ನು ಹುಡುಕಿದ. ಅದಕ್ಕೆ CC BY-SA ಇತ್ತು. ಕಂಬವೂ ಮಾತೂ ಹಾಗೆಯೇ ಉಳಿದವು, ಜೊತೆಗೆ ‘ಹಿನ್ನೆಲೆ ತೆಗೆದು, ಬೇರೆ ಚಿತ್ರದೊಡನೆ ಜೋಡಿಸಲಾಗಿದೆ’ ಎಂಬ ಮಾತು ಸೇರಿತು.

ಹೀಗಾಗಿ ಕತ್ತರಿಸಿ ಅಂಟಿಸುವ ಕೆಲಸವಿದ್ದರೆ ಹುಡುಕುವ ಮುನ್ನವೇ ಹೇಳುತ್ತೇನೆ: ND ಕಂಡರೆ ಮುಂದಿನ ಚಿತ್ರಕ್ಕೆ ಹೋಗಿ.

ತರಗತಿಯ ಒಳಗೆ, ತರಗತಿಯ ಹೊರಗೆ

ಅದೇ ಮಕ್ಕಳು ಅದೇ ಚಿತ್ರಗಳನ್ನು ವಿಜ್ಞಾನದ ಪಾಠಕ್ಕೆ ಸ್ಲೈಡ್ ಮಾಡಿಕೊಂಡಿದ್ದರು. ಅಲ್ಲಿಯೂ ಹೆಸರುಗಳಿರಲಿಲ್ಲ. ಭಾರತದ 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಕಲಮು, ಬೋಧನೆಯ ಸಂದರ್ಭದಲ್ಲಿ ಶಿಕ್ಷಕರು ಅಥವಾ ವಿದ್ಯಾರ್ಥಿಗಳು ಕೃತಿಯನ್ನು ನಕಲು ಮಾಡುವುದಕ್ಕೆ ವಿನಾಯಿತಿ ಕೊಡುತ್ತದೆ. 2016ರಲ್ಲಿ ದೆಹಲಿ ಹೈಕೋರ್ಟ್, ವಿಶ್ವವಿದ್ಯಾಲಯದ ಪಠ್ಯಗಳ ಜೆರಾಕ್ಸ್ ಪ್ರಕರಣದಲ್ಲಿ, ಈ ‘ಬೋಧನೆಯ ಸಂದರ್ಭ’ವನ್ನು ವಿಶಾಲವಾಗಿಯೇ ಅರ್ಥೈಸಿತು. ಕ್ರಿಯೇಟಿವ್ ಕಾಮನ್ಸ್ ಪರವಾನಗಿಗಳೂ ಕಾನೂನು ಕೊಟ್ಟ ಇಂಥ ವಿನಾಯಿತಿಯನ್ನು ಕಿತ್ತುಕೊಳ್ಳುವುದಿಲ್ಲ. ಆದ್ದರಿಂದ ಪಾಠದ ವೇಳೆ ನಾಲ್ಕು ಗೋಡೆಯೊಳಗೆ ತೋರಿಸಿದ ಸ್ಲೈಡಿನ ಬಗ್ಗೆ ನಾನು ಹೆಚ್ಚು ಚಿಂತಿಸಲಿಲ್ಲ.

ಆದರೆ ಆ ಸ್ಲೈಡುಗಳು ತರಗತಿಯಲ್ಲೇ ಉಳಿಯಲಿಲ್ಲ. ಪೋಷಕರ ದಿನದಂದು ಸಭಾಂಗಣದಲ್ಲಿ ಓಡಿದವು, ಅಲ್ಲಿಂದ ಅಂತರಶಾಲಾ ಸ್ಪರ್ಧೆಗೆ ಹೋದವು, ನಂತರ ಯಾರೋ ಅವನ್ನು ವಿಡಿಯೊ ಮಾಡಿ ಹಂಚಿದರು. ಇವೆಲ್ಲವನ್ನೂ ಬೋಧನೆ ಎಂದು ಕರೆಯಲಾಗದು. ಪೋಷಕರಿಗೆ ಹೋಗುವ ವಾರ್ತಾಪತ್ರಿಕೆಯನ್ನಂತೂ ಆ ವಿನಾಯಿತಿಯ ನೆರಳಿಗೆ ಎಳೆಯಲು ನನಗೆ ಮನಸ್ಸಿಲ್ಲ. ಅದಲ್ಲದೆ ಕೃತಿ ತನ್ನದೆಂದು ಹೇಳಿಕೊಳ್ಳುವ ಹಕ್ಕನ್ನು ಅದೇ ಕಾಯ್ದೆಯ 57ನೇ ಕಲಮು ಕರ್ತೃವಿಗೆ ಪ್ರತ್ಯೇಕವಾಗಿ ಕೊಟ್ಟಿದೆ. ಹಾಗಾಗಿ ಸ್ಲೈಡಿಗೂ ಮೊದಲ ದಿನದಿಂದಲೇ ಸಾಲು ಬೇಕು.

ಸ್ಲೈಡಿನಲ್ಲಿ ಸಾಲು ಚಿಕ್ಕದಾಗಬಹುದು. ಪರವಾನಗಿಯೇ ಮಾಧ್ಯಮಕ್ಕೆ ತಕ್ಕ ರೀತಿಯಲ್ಲಿ ಹೇಳಿ ಎನ್ನುತ್ತದೆ. ಚಿತ್ರದ ಅಡಿಯಲ್ಲಿ ಶೀರ್ಷಿಕೆ, ಹೆಸರು, CC BY-SA 4.0 ಎಂದಿಟ್ಟು, ಶೀರ್ಷಿಕೆಗೆ ಮೂಲಪುಟದ ಕೊಂಡಿಯನ್ನೂ ಪರವಾನಗಿಯ ಹೆಸರಿಗೆ ಪರವಾನಗಿಯ ಕೊಂಡಿಯನ್ನೂ ಕೊಟ್ಟರೆ ಸಾಕು. ಕೊನೆಯ ಸ್ಲೈಡಿನಲ್ಲಿ ಎಲ್ಲವನ್ನೂ ಸಾಲಾಗಿ ಕೊಡಬಹುದು, ಆದರೆ ನನ್ನ ಅನುಭವದಲ್ಲಿ ಮೊದಲು ಕೈಬಿಡುವುದು ಕೊನೆಯ ಸ್ಲೈಡನ್ನೇ. ಸಮಯ ಮುಗಿದರೆ ಅದನ್ನು ತೋರಿಸುವುದಿಲ್ಲ, ಎರಡು ಗುಂಪಿನ ಸ್ಲೈಡುಗಳನ್ನು ಬೆಸೆದರೆ ಅದನ್ನೇ ಅಳಿಸುತ್ತಾರೆ.

ಮುದ್ರಣದಲ್ಲಿಯೂ ಇದೇ ಪಾಠ. ಮೊದಲು ನಾವು ಮುಖಪುಟದ ಸಾಲನ್ನು ಒಳಪುಟದಲ್ಲಿ ಹಾಕಿದ್ದೆವು. ನಿಯಮಕ್ಕೆ ಅದು ಸಾಕಾಗುತ್ತದೆ. ಆದರೆ ಈ ಪ್ರಕರಣ ಬೆಳಕಿಗೆ ಬಂದದ್ದೇ ಮುಖಪುಟವೊಂದೇ ಸ್ಟೇಟಸ್ ಆಗಿ ಹೋದದ್ದರಿಂದ. ಆದ್ದರಿಂದ ಈಗ ಹೆಸರು ಮತ್ತು ಪರವಾನಗಿಯನ್ನು ಮುಖಪುಟದ ಬಲ ಅಂಚಿನಲ್ಲಿ ನಿಲುವಾಗಿ ಇಡುತ್ತೇವೆ, ಪೂರ್ಣ ಸಾಲು ಒಳಗೆ ಇರುತ್ತದೆ. ಮೊದಲ ಪ್ರಯತ್ನದಲ್ಲಿ ಆರು ಪಾಯಿಂಟ್ ಅಕ್ಷರ ಹಾಕಿದ್ದೆ. ಅಚ್ಚಾಗಿ ಬಂದಾಗ ಒತ್ತಕ್ಷರಗಳೆಲ್ಲ ಮಸಿಯ ಚುಕ್ಕೆಗಳಾಗಿದ್ದವು, ‘ಛಾಯಾಗ್ರಹಣ’ದ ರಕಾರವೇ ಕಾಣುತ್ತಿರಲಿಲ್ಲ. ಎಂಟಕ್ಕೆ ಏರಿಸಿದ ಮೇಲೆ ಓದುವಂತಾಯಿತು.

ಈಗ ಮಕ್ಕಳು ನನಗೆ ಚಿತ್ರ ಕಳುಹಿಸುವುದಿಲ್ಲ, ಚಿತ್ರವಿರುವ ಪುಟದ ಕೊಂಡಿ ಕಳುಹಿಸುತ್ತಾರೆ. ಇಳಿಸಿಕೊಳ್ಳುವುದು ನಾನು, ಶಾಲೆಯ ಕಂಪ್ಯೂಟರಿನಲ್ಲಿ. ಇಳಿಸಿಕೊಂಡ ಕೂಡಲೇ ಒಂದು ಪಟ್ಟಿಯಲ್ಲಿ ಶೀರ್ಷಿಕೆ, ಹೆಸರು, ಕೊಂಡಿ, ಪರವಾನಗಿ ಮತ್ತು ಆವೃತ್ತಿ, ಇಳಿಸಿದ ದಿನ ಇವಿಷ್ಟನ್ನು ತುಂಬುತ್ತೇವೆ; ಕತ್ತರಿಸಿದ ದಿನ ಬದಲಾವಣೆಯನ್ನೂ ಬರೆಯುತ್ತೇವೆ. ಪಟ್ಟಿಯಲ್ಲಿ ಸಾಲಿಲ್ಲದ ಚಿತ್ರ ಪುಟಕ್ಕೆ ಬರುವುದಿಲ್ಲ. ದಿನಾಂಕ ಬೇಕಾದದ್ದು, ಮಾಲೀಕರು ಮುಂದೆ ಪರವಾನಗಿಯನ್ನು ಬದಲಾಯಿಸಿದರೂ ನಾವು ಇಳಿಸಿಕೊಂಡಾಗ ಯಾವುದಿತ್ತು ಎಂದು ಹೇಳಲು.

ಫ್ಲಿಕರ್‌ನಿಂದ ಉತ್ತರ ಬರಲಿಲ್ಲ. ಆರನೆಯ ವಾರ, ಟಬೆಬುಯಾ ಪುಟದ ಖಾಲಿ ಚೌಕ ನೋಡಿ ಬೇಸರಗೊಂಡ ಎಂಟನೆಯ ತರಗತಿಯ ಹುಡುಗಿಯೊಬ್ಬಳು ತನ್ನ ಬೀದಿಯ ಮರದ ಚಿತ್ರವನ್ನು ಅಪ್ಪನ ಫೋನಿನಲ್ಲಿ ತೆಗೆದು ತಂದಳು. ಹೂ ಅರ್ಧ ಉದುರಿತ್ತು, ಕೆಳಗೆ ನಿಂತ ಸ್ಕೂಟರಿನ ಸೀಟೆಲ್ಲ ಗುಲಾಬಿಯಾಗಿತ್ತು. ಅದನ್ನೇ ಹಾಕಿದೆವು. ಕೆಳಗೆ ಏನು ಬರೆಯಬೇಕು ಎಂದು ಅವಳನ್ನೇ ಕೇಳಿದೆ. ಮನೆಯಲ್ಲಿ ಮಾತಾಡಿಕೊಂಡು, ಮರುದಿನ ಅಪ್ಪ ಅಮ್ಮನ ಸಹಿಯಿರುವ ಚೀಟಿಯೊಂದಿಗೆ ಬಂದಳು. ಅವಳ ಹೆಸರಿನ ಮುಂದೆ CC BY 4.0 ಎಂದು ಪೆನ್ಸಿಲಿನಲ್ಲಿ ಬರೆದಿತ್ತು.